ಲೇಬಲ್ಲಿನ ಮೇಲೆ ‘ಗಾಂಧಾರಿ’: ಹಳೆಯ ಅರಗಿನ ತಟ್ಟೆಯ ಬಗ್ಗೆ ಸಂಗ್ರಾಹಕರಿಗೆ ಬರೆಯುವ ಇಮೇಲ್

ಗ್ರಾಮಫೋನ್ ತಟ್ಟೆಗಳ ಸಂಗ್ರಾಹಕರಿಗೆ ಬರುವ ಇಮೇಲ್‌ಗಳಲ್ಲಿ ಹೆಚ್ಚಿನವು ಎರಡೇ ಸಾಲಿನವು. ಮನೆಯಲ್ಲಿ ಒಂದು ಹಳೆಯ ರಿಕಾರ್ಡು ಸಿಕ್ಕಿದೆ, ಇದು ಯಾವ ಕಾಲದ್ದು, ಬೆಲೆ ಎಷ್ಟು ಬಾಳುತ್ತದೆ? ಇಂಥ ಪತ್ರಕ್ಕೆ ಉತ್ತರ ಕೊಡಲು ಬರುವುದಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದವರು ಬರೆಯುವವರು, ಓದುವವರು ಅದನ್ನು ನೋಡಿಯೇ ಇಲ್ಲ. ನಡುವೆ ಇರುವುದು ಪತ್ರದ ಮಾತುಗಳು ಮಾತ್ರ. ತಟ್ಟೆಯ ಮೇಲೆ ಅಚ್ಚಾದ, ಕೊರೆದ ಪ್ರತಿಯೊಂದು ಗುರುತೂ ಆ ಮಾತುಗಳಲ್ಲಿ ಬಂದರೆ ಹಾಡಿದವರು ಯಾರು, ಯಾವ ವರ್ಷಗಳ ನಡುವೆ ಹಾಡಿದರು, ಎಷ್ಟನೆಯ ಸಲ ಹಾಡಿದ್ದು ಅಚ್ಚಿಗೆ ಹೋಯಿತು ಎಂಬುದನ್ನು ಅನುಭವಿಯಾದ ಸಂಗ್ರಾಹಕರು ಕುಳಿತಲ್ಲಿಂದಲೇ ಹೇಳಬಲ್ಲರು.

ಈ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಮರಗಳ ರೆಂಬೆಯ ಮೇಲೆ ಕೀಟಗಳು ಕಟ್ಟುವ ಅರಗನ್ನು ಶುದ್ಧಿ ಮಾಡಿ, ಅದಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು ಮಸಿ, ಸ್ವಲ್ಪ ಹತ್ತಿಯ ನಾರು ಸೇರಿಸಿ, ಬಿಸಿಯಲ್ಲಿ ಹದಗೊಳಿಸಿ, ಎರಡು ಲೋಹದ ಅಚ್ಚುಗಳ ನಡುವೆ ಒತ್ತಿದರೆ ತಟ್ಟೆ ಸಿದ್ಧ. ಒತ್ತುವ ಮೊದಲೇ ಅಚ್ಚಿನ ನಡುವೆ ಕಾಗದದ ಲೇಬಲ್ಲನ್ನು ಇಡುತ್ತಿದ್ದರು. ಅಂಟು ಹಾಕದಿದ್ದರೂ ಅದು ಅರಗಿನೊಳಗೇ ಕೂತು ಗಟ್ಟಿಯಾಗುತ್ತಿತ್ತು. ಎಂಬತ್ತು ವರ್ಷಗಳ ನಂತರವೂ ಲೇಬಲ್ ಕಿತ್ತುಬರದೆ ಇರುವುದಕ್ಕೆ ಇದೇ ಕಾರಣ. ಆದರೆ ಲೇಬಲ್ಲೂ ಹಾಡೂ ತಟ್ಟೆಗೆ ಬಂದದ್ದು ಬೇರೆ ಬೇರೆ ದಾರಿಯಿಂದ ಎಂಬುದನ್ನು ನೆನಪಿಡಬೇಕು. ಹಾಡು ಬಂದದ್ದು ಲೋಹದ ಅಚ್ಚಿನಿಂದ, ಲೇಬಲ್ ಬಂದದ್ದು ಮುದ್ರಣಾಲಯದಿಂದ. ಅಚ್ಚು ಒಂದೇ ಆಗಿದ್ದು, ಐದು ವರ್ಷ ಬಿಟ್ಟು ಮತ್ತೆ ಒತ್ತಿದಾಗ ಹೊಸ ಬಣ್ಣದ, ಹೊಸ ಅಕ್ಷರದ ಲೇಬಲ್ ಬೀಳಬಹುದು. ಹಾಗಾಗಿ ಲೇಬಲ್ಲಿನಿಂದ ತಿಳಿಯುವುದು ಆ ಪ್ರತಿ ಒತ್ತಿದ ಕಾಲ. ಹಾಡಿದ ಕಾಲ ಅದಕ್ಕಿಂತ ಎಷ್ಟೋ ಹಿಂದಿನದಾಗಿರಬಹುದು. ಪತ್ರ ಬರೆಯುವವರು ಲೇಬಲ್ಲಿಗೆ ನಿಲ್ಲದೆ ಅದರ ಸುತ್ತಲಿನ ಜಾಗವನ್ನೂ ಓದಬೇಕಾಗುವುದು ಇದರಿಂದಲೇ.

ಲೇಬಲ್ಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಂಪನಿಯ ಚಿತ್ರ. ಭಾರತದಲ್ಲಿ ಮೊದಲು ವ್ಯಾಪಾರ ಹಿಡಿದ ಗ್ರಾಮಫೋನ್ ಕಂಪನಿಯ ಆರಂಭದ ತಟ್ಟೆಗಳಲ್ಲಿ ರೆಕ್ಕೆಯ ದೇವದೂತನೊಬ್ಬ ಗರಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತಿರುವ ಚಿತ್ರವಿತ್ತು. ಕೊಳವೆಯ ಮುಂದೆ ಕಿವಿಯಿಟ್ಟು ಕುಳಿತ ನಾಯಿ ಅದರ ಜಾಗಕ್ಕೆ ಬಂದದ್ದು ನಂತರ. ನಾಯಿಯ ಚಿತ್ರವನ್ನು ಬರೆದವನು ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ. ಕಂಪನಿ ಅದನ್ನು 1899ರಲ್ಲೇ ಕೊಂಡಿತ್ತು. ದೇವದೂತನಿರುವ ತಟ್ಟೆಗಳಲ್ಲಿ ಕೆಲವಕ್ಕೆ ಒಂದೇ ಬದಿಯಲ್ಲಿ ಹಾಡು, ಇನ್ನೊಂದು ಬದಿ ಖಾಲಿ. ಆ ಕಾಲದಲ್ಲಿ ಇಲ್ಲಿ ಹಾಡಿಸಿಕೊಂಡ ಮೇಣದ ಮೂಲವನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ, ಅಲ್ಲಿ ಒತ್ತಿಸಿ, ಮಾರಾಟಕ್ಕೆ ಮತ್ತೆ ಇಲ್ಲಿಗೆ ತರಿಸುತ್ತಿದ್ದರು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಯಿತು, 1928ರಲ್ಲಿ ಅದು ದಮ್‌ದಮ್‌ಗೆ ಹೋಯಿತು. ಲೇಬಲ್ಲಿನ ಅಂಚಿನಲ್ಲಿ ಇರುವೆಸಾಲಿನಂತೆ ಅಚ್ಚಾಗಿರುವ ಅಕ್ಷರಗಳಲ್ಲಿ ಹ್ಯಾನೋವರ್ ಇದೆಯೋ ದಮ್‌ದಮ್ ಇದೆಯೋ ಎಂದು ನೋಡಿದರೂ ಸಂಗ್ರಾಹಕರಿಗೆ ದಶಕದ ಸುಳಿವು ಸಿಕ್ಕುತ್ತದೆ. ಅಂಚಿನ ಈ ಸಣ್ಣಕ್ಷರವನ್ನು ಓದುವ ಗೋಜಿಗೆ ಹೋಗುವವರು ಕಡಿಮೆ. ಭೂತಗನ್ನಡಿ ಹಿಡಿದು ಓದಿದವರಿಗೆ ಮಾತ್ರ ಅದರ ಉಪಯೋಗ ತಿಳಿಯುತ್ತದೆ.

ಹ್ಯಾನೋವರಿನ ಈ ದಾರಿ ಹಾಡಿನ ಒಳಗೂ ಒಂದು ಗುರುತು ಬಿಟ್ಟಿದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್‌ರ ಹಾಡನ್ನು ಮುದ್ರಿಸಿಕೊಂಡ. ಆಕೆ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಆಕೆಯ ಭಾಷೆ ಗೊತ್ತಿಲ್ಲದ ಜರ್ಮನಿಯ ಕೆಲಸಗಾರರು ಯಾವ ಅಚ್ಚಿಗೆ ಯಾವ ಲೇಬಲ್ ಹಾಕಬೇಕೆಂದು ತಿಳಿದುಕೊಳ್ಳಲು ಅದು ನೆರವಾಗುತ್ತಿತ್ತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ತಟ್ಟೆಯ ಲೇಬಲ್ ಪೂರ್ತಿ ಅಳಿಸಿಹೋಗಿದ್ದು ಹಾಡಿನ ಕೊನೆಯಲ್ಲಿ ಹೀಗೆ ಹೆಸರು ಕೇಳಿಸಿದರೆ ಅದನ್ನು ಕಿವಿಗೆ ಬಿದ್ದಂತೆಯೇ ಪತ್ರದಲ್ಲಿ ಬರೆಯಬೇಕು. ಒಳ್ಳೆಯ ಲೇಬಲ್ಲಿಗೆ ಇರುವ ಬೆಲೆ ಅದಕ್ಕೂ ಇದೆ.

ಚಿತ್ರದ ಕೆಳಗೆ ಅಥವಾ ಪಕ್ಕದಲ್ಲಿ ಕ್ಯಾಟಲಾಗ್ ನಂಬರು ಇರುತ್ತದೆ. ಅಂಗಡಿಯವನು ಈ ನಂಬರಿನಿಂದಲೇ ತಟ್ಟೆಯನ್ನು ಕೇಳಿ ತರಿಸುತ್ತಿದ್ದ. ಎರಡೂ ಬದಿಗೆ ಹಾಡಿರುವ ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಬದಿಗೂ ಒಂದೇ ಕ್ಯಾಟಲಾಗ್ ನಂಬರು. ಅದರ ಮುಂದಿನ ಅಕ್ಷರವನ್ನು, ಉದಾಹರಣೆಗೆ ಎಚ್‌ಎಂವಿಯ ಭಾರತೀಯ ತಟ್ಟೆಗಳ ‘ಪಿ’ ಅಥವಾ ‘ಎನ್’ ಅನ್ನು, ಬಿಟ್ಟು ಬರೀ ಅಂಕಿ ಬರೆದರೆ ಪಿನ್‌ಕೋಡ್ ಹಾಕದ ಕಾಗದದ ಗತಿಯೇ. ಬೇರೆ ಬೇರೆ ಸರಣಿಗಳಲ್ಲಿ ಅದೇ ಅಂಕಿ ಮತ್ತೆ ಬರುತ್ತದೆ.

ಇನ್ನೊಂದು ನಂಬರು ಅಚ್ಚಿನದು. ಹಾಡಿನ ಗೆರೆಗಳು ಮುಗಿದ ಜಾಗದಿಂದ ಲೇಬಲ್ಲಿನ ಅಂಚಿನವರೆಗೆ ಬೆರಳಗಲದ ನುಣುಪು ಪಟ್ಟಿಯೊಂದು ಉಳಿದಿರುತ್ತದೆ. ಆ ಪಟ್ಟಿಯಲ್ಲಿ ಕೈಯಿಂದ ಗೀಚಿದ ಅಥವಾ ಉಬ್ಬಿಸಿ ಒತ್ತಿದ ಅಂಕಿ ಅಕ್ಷರಗಳು ಇರುತ್ತವೆ. ಎರಡು ಬದಿಗೂ ಇದು ಬೇರೆ ಬೇರೆ, ಏಕೆಂದರೆ ಎರಡೂ ಬೇರೆ ಬೇರೆ ಹಾಡುಗಾರಿಕೆಗಳು. ಹಾಡುವವರು ಮುದ್ರಣದ ಕೋಣೆಯಲ್ಲಿ ನಿಂತ ದಿನ ಮೂಲಕ್ಕೆ ಕೊಟ್ಟ ನಂಬರು ಇದು. ಲೇಬಲ್ ಎಷ್ಟು ಸಲ ಬದಲಾದರೂ ಇದು ಬದಲಾಗುವುದಿಲ್ಲ. ಒಂದೇ ದಿನ ಒಂದೇ ಕೋಣೆಯಲ್ಲಿ ಹಾಡಿದ ತಟ್ಟೆಗಳ ಅಚ್ಚಿನ ನಂಬರುಗಳು ಅಕ್ಕಪಕ್ಕದಲ್ಲಿರುತ್ತವೆ. ಸಂಗ್ರಾಹಕರಿಗೆ ದಿನಾಂಕ ತಿಳಿದ ಒಂದು ತಟ್ಟೆಯ ಎರಡು ನಂಬರು ಆಚೆಗೆ ಈ ತಟ್ಟೆಯ ನಂಬರು ಬಂದರೆ, ದಾಖಲೆ ಸಿಕ್ಕದಿದ್ದರೂ ಕಾಲವನ್ನು ಬಹುಮಟ್ಟಿಗೆ ಹೇಳಬಹುದು.

ಈ ನಂಬರನ್ನು ಓದುವಾಗ ಎಡವುವ ಜಾಗಗಳು ಕೆಲವಿವೆ. ಗ್ರಾಮಫೋನ್ ಕಂಪನಿಯ ಬಹಳ ಹಳೆಯ ತಟ್ಟೆಗಳಲ್ಲಿ ಅಂಕಿಯ ಕೊನೆಗೆ ಒಂದು ಸಣ್ಣ ಅಕ್ಷರವಿರುತ್ತದೆ. ಧ್ವನಿಮುದ್ರಣಕ್ಕೆ ಬಂದ ಪರಿಣತ ಯಾರು, ತಟ್ಟೆಯ ಅಳತೆ ಎಷ್ಟು ಎಂಬ ಎರಡೂ ಆ ಒಂದು ಅಕ್ಷರದಲ್ಲಿ ಅಡಗಿವೆ. 1930ರ ದಶಕದ ಎಚ್‌ಎಂವಿ ತಟ್ಟೆಗಳಲ್ಲಿ ನಂಬರಿನ ಮೊದಲ ಗುರುತು ಸೊನ್ನೆ ಆಗಿದ್ದರೆ 10 ಇಂಚಿನ ತಟ್ಟೆ, 2 ಆಗಿದ್ದರೆ 12 ಇಂಚಿನದು. ಸೊನ್ನೆಯನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಓದುವವರೇ ಹೆಚ್ಚು. ನಂಬರಿನ ನಂತರ ಅಡ್ಡಗೆರೆ ಎಳೆದು ಬರೆದ 1 ಅಥವಾ 2, ಅದೇ ಹಾಡನ್ನು ಎಷ್ಟನೆಯ ಸಲ ಹಾಡಿಸಿದ್ದು ಎಂದು ತಿಳಿಸುತ್ತದೆ. ಮೊದಲ ಸಲ ತಬಲಾ ಜೋರಾಯಿತೆಂದೋ, ಹಾಡು ಮುಗಿಯುವ ಮೊದಲೇ ಮೇಣ ಮುಗಿಯಿತೆಂದೋ ಎರಡನೆಯ ಸಲ ಹಾಡಿಸುವುದು ಸಾಮಾನ್ಯವಾಗಿತ್ತು. ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ಚೌಕ ಕಂಡರೆ ಅದನ್ನು ಬಿಡುವ ಹಾಗೇ ಇಲ್ಲ. 1925ರಿಂದ ಈಚೆಗೆ ಕಂಪನಿ ಕೊಳವೆಯ ಬದಲು ಮೈಕ್ರೊಫೋನ್ ಬಳಸತೊಡಗಿತು. ತ್ರಿಕೋನ ಆ ಮೊದಲ ವಿದ್ಯುತ್ ಪದ್ಧತಿಯ ಗುರುತು, ಚೌಕ 1931ರಿಂದ ಬಂದ ಕಂಪನಿಯದೇ ಸ್ವಂತ ಪದ್ಧತಿಯದು.

ನುಣುಪು ಪಟ್ಟಿಯನ್ನು ನೇರ ಬೆಳಕಿನಲ್ಲಿ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಏನೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ತಟ್ಟೆಯ ಅಂಚಿಗೆ ಸಮನಾಗಿ ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟರೆ ಗೀಚಿದ ಅಂಕಿಗಳ ನೆರಳು ಎದ್ದು ನಿಲ್ಲುತ್ತದೆ. ತಟ್ಟೆಯನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ನಂಬರು ಒಂದು ಕಡೆ, ಬೇರೊಂದು ಗುರುತು ಎದುರು ಬದಿಯಲ್ಲಿ ಇರಬಹುದು. ಕೆಲವು ತಟ್ಟೆಗಳಲ್ಲಿ ಅಚ್ಚಿನ ನಂಬರು ಲೇಬಲ್ಲಿನ ಅಡಿಗೇ ಹೋಗಿ ಕೂತಿರುತ್ತದೆ. ಆಗ ಕಾಗದದ ಮೇಲೆ ಅದರ ಉಬ್ಬು ಮಾತ್ರ ಅದೇ ಅಡ್ಡ ಬೆಳಕಿನಲ್ಲಿ ಕಾಣುತ್ತದೆ. ತೆಳ್ಳನೆಯ ಕಾಗದವನ್ನು ಪಟ್ಟಿಯ ಮೇಲಿಟ್ಟು ಮೃದುವಾದ ಪೆನ್ಸಿಲನ್ನು ಹಗುರವಾಗಿ ಆಡಿಸಿದರೂ, ಮಕ್ಕಳು ನಾಣ್ಯದ ಅಚ್ಚು ತೆಗೆಯುವ ಹಾಗೆ, ಅಂಕಿ ಮೂಡುತ್ತದೆ.

ಲೇಬಲ್ಲಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಗಾಯಕರ ಹೆಸರೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು. ಹೆಸರಿನ ಕಾಗುಣಿತ ಮುದ್ರಣಾಲಯದವನ ಕಿವಿಗೆ ಬಿದ್ದಂತೆ ಇರುತ್ತದೆ, ಊರಿನ ಹೆಸರು ಮನೆತನದ ಹೆಸರಿನ ಜಾಗಕ್ಕೆ ಬರುತ್ತದೆ, ಕೆಲವೊಮ್ಮೆ ನಾಡು ಬಲ್ಲ ಗಾಯಕರು ಬೇರೆಯೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಗಂಗೂಬಾಯಿ ಹಾನಗಲ್ಲರದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ಕಲಿತು, ಹುಬ್ಬಳ್ಳಿಯಲ್ಲಿ ನೆಲೆಸಿದ ಈ ಗಾಯಕಿಯ 1930ರ ದಶಕದ ಎಚ್‌ಎಂವಿ ತಟ್ಟೆಗಳಲ್ಲಿ ಅಚ್ಚಾಗಿರುವ ಹೆಸರು ‘ಗಾಂಧಾರಿ’. ಗೊತ್ತಿಲ್ಲದವರು ಆ ತಟ್ಟೆಯನ್ನು ಯಾರೋ ಮರೆತುಹೋದ ಗಾಯಕಿಯದೆಂದು ಪಕ್ಕಕ್ಕಿಡುತ್ತಾರೆ.

ನುಡಿಸಿ ಕೇಳಿದರೂ ಗೊಂದಲ ತಪ್ಪುವುದಿಲ್ಲ. ಗಂಗೂಬಾಯಿ ಎಂದೊಡನೆ ನೆನಪಾಗುವುದು ಗಂಡುದನಿಯಂಥ, ಗಂಭೀರವಾದ, ತಗ್ಗಿನ ಕಂಠ. ಆ ಕಂಠ ಬಂದದ್ದು ಗಂಟಲಿಗೆ ಚಿಕಿತ್ಸೆಯಾದ ನಂತರ. ಗಾಂಧಾರಿ ಹೆಸರಿನ ತಟ್ಟೆಗಳಲ್ಲಿ ಇರುವುದು ಅದಕ್ಕೂ ಹಿಂದಿನ, ಏರುದನಿಯ, ಚುರುಕಾದ ತಾನಗಳ ಹೆಣ್ಣುಕಂಠ. ನಂತರದ ಧ್ವನಿಯನ್ನು ಮಾತ್ರ ಬಲ್ಲವರು ಇವೆರಡೂ ಒಬ್ಬರದೇ ಎಂದು ಒಪ್ಪಲು ಹಿಂದುಮುಂದು ನೋಡುತ್ತಾರೆ. ಹೆಸರೂ ಬೇರೆ, ಕಂಠವೂ ಬೇರೆ ಆದಾಗ ತಟ್ಟೆಯ ಪರಿಚಯಕ್ಕೆ ನಿಲ್ಲುವ ಸಾಕ್ಷಿ ನಂಬರುಗಳು ಮಾತ್ರ.

ಇಂಥ ಒಂದು ತಟ್ಟೆ ಹುಬ್ಬಳ್ಳಿಯ ಒಂದು ಮನೆಯ ಟ್ರಂಕಿನಲ್ಲಿ ಸಿಕ್ಕಿತೆಂದು ಊಹಿಸಿಕೊಂಡರೆ, ಉತ್ತರ ಸಿಕ್ಕಬಹುದಾದ ಪತ್ರ ಹೀಗಿರುತ್ತದೆ:

“ಮಾನ್ಯರೇ, ನಮಸ್ಕಾರ. ನಮ್ಮ ಅಜ್ಜನವರ ಟ್ರಂಕಿನಲ್ಲಿ ಸಿಕ್ಕಿದ ಒಂದು ಗ್ರಾಮಫೋನ್ ಪ್ಲೇಟಿನ ಬಗ್ಗೆ ತಮ್ಮಲ್ಲಿ ಕೇಳಬೇಕಾಗಿದೆ. ಪ್ಲೇಟಿನ ಅಳತೆ ಅಂಚಿನಿಂದ ಅಂಚಿಗೆ 25 ಸೆಂಟಿಮೀಟರ್. ಎರಡೂ ಬದಿಗೆ ಹಾಡು ಇದೆ. ಲೇಬಲ್ ಕಂದು ಬೆರೆತ ನೇರಳೆ ಬಣ್ಣದ್ದು, ಅಕ್ಷರ ಬಂಗಾರದ ಬಣ್ಣದ್ದು. ಮೇಲೆ ನಾಯಿಯ ಚಿತ್ರ. ಎರಡೂ ಬದಿಗೆ ‘ಎನ್’ ಅಕ್ಷರ, ಒಂದು ಚುಕ್ಕೆ, ನಾಲ್ಕು ಅಂಕಿಯ ನಂಬರು. ಮೂರನೇ ಅಂಕಿ ಉಜ್ಜಿಹೋಗಿದೆ, 3 ಅಥವಾ 8 ಇರಬೇಕು. ಉಳಿದ ಮೂರು ಸ್ಪಷ್ಟ. ಫೋಟೋ ಕಳಿಸಿದ್ದೇನೆ.

ಗಾಯಕರ ಹೆಸರು ಎರಡೂ ಬದಿಗೆ ಇಂಗ್ಲಿಷಿನಲ್ಲಿ ‘ಗಾಂಧಾರಿ’, ಅದರ ಜೊತೆ ‘ಹುಬ್ಳಿ’. ಒಂದು ಬದಿಯಲ್ಲಿ ರಾಗದ ಹೆಸರಿನ ಮೊದಲ ಪದ ಹರಿದುಹೋಗಿದೆ, ಉಳಿದದ್ದು ‘ಮಲ್ಹಾರ್’ ಮಾತ್ರ. ಇದು ಮಿಯಾ ಮಲ್ಹಾರವೋ ಗೌಡ ಮಲ್ಹಾರವೋ ತಿಳಿಯದು. ಪಕ್ಕವಾದ್ಯದವರ ಹೆಸರು ಎಲ್ಲೂ ಇಲ್ಲ. ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಇರುವ ನಂಬರನ್ನು ಟಾರ್ಚ್ ಹಿಡಿದು ಓದಿ, ಕಂಡಂತೆಯೇ ಬೇರೆ ಹಾಳೆಯಲ್ಲಿ ಬರೆದು ಅದರ ಫೋಟೋ ಸೇರಿಸಿದ್ದೇನೆ. ಮೊದಲ ಗುರುತು ಸೊನ್ನೆಯೋ ‘ಓ’ ಅಕ್ಷರವೋ ನಿಶ್ಚಯವಿಲ್ಲ. ಕೊನೆಯಲ್ಲಿ ಅಡ್ಡಗೆರೆಯ ನಂತರ ಒಂದು ಬದಿಗೆ 1, ಇನ್ನೊಂದು ಬದಿಗೆ 2 ಇದೆ.

ಅಂಚಿನಿಂದ ಒಳಗೆ ಎರಡು ಬೆರಳಗಲ ಒಂದು ಕೂದಲಿನಂಥ ಬಿರುಕು ಬಂದಿದೆ. ಹಾಗಾಗಿ ನುಡಿಸಿಲ್ಲ. ಪ್ಲೇಟು ಇದ್ದ ಕಾಗದದ ಚೀಲದ ಮೇಲೆ ಬೇರೆ ಕಂಪನಿಯ ಹೆಸರಿದೆ, ಅದು ಈ ಪ್ಲೇಟಿನದೇ ಎಂದು ಹೇಳಲಾರೆ. ಅಜ್ಜನವರು 1940ರ ಸುಮಾರಿಗೆ ಗ್ರಾಮಫೋನ್ ಕೊಂಡಿದ್ದರೆಂದು ಮನೆಯಲ್ಲಿ ಹೇಳುತ್ತಾರೆ.

ತಮ್ಮಲ್ಲಿ ನನ್ನ ಪ್ರಶ್ನೆ ಮೂರು. ಈ ಗಾಂಧಾರಿ ಗಂಗೂಬಾಯಿ ಹಾನಗಲ್ ಅವರೇನಾ? ಹಾಡಿದ್ದು ಯಾವ ವರ್ಷ, ಎಲ್ಲಿ? ಹರಿದ ರಾಗದ ಹೆಸರು ಏನು? ಕಂಪನಿಯ ಹಳೆಯ ಪಟ್ಟಿ ತಮ್ಮ ಬಳಿ ಇದ್ದರೆ ಈ ನಂಬರಿನ ಸಾಲಿನ ಫೋಟೋ ಕಳಿಸಿದರೆ ಉಪಕಾರವಾಗುತ್ತದೆ.”

ಈ ಪತ್ರದ ಗುಣ ಎಲ್ಲಿದೆ ಎಂದರೆ, ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಒಂದಕ್ಕೊಂದು ಬೆರೆತಿಲ್ಲ. ಉಜ್ಜಿಹೋದ ಅಂಕಿಯನ್ನು ತಮಗೆ ತೋಚಿದ್ದೇ ಸರಿ ಎಂದು 3 ಎಂದು ಬರೆದುಬಿಟ್ಟಿದ್ದರೆ ಸಂಗ್ರಾಹಕರು ಬೇರೆ ಗಾಯಕರ ಪುಟ ತೆರೆಯುತ್ತಿದ್ದರು. 3 ಅಥವಾ 8 ಎಂದದ್ದರಿಂದ ಪಟ್ಟಿಯಲ್ಲಿ ಎರಡು ಜಾಗ ನೋಡಿ, ಗಾಂಧಾರಿ ಯಾವುದರಲ್ಲಿದೆಯೋ ಅದನ್ನು ಹಿಡಿಯುತ್ತಾರೆ. ಹಾಗೆಯೇ ‘ಹುಬ್ಳಿ’ ಎಂಬುದನ್ನು ತಿದ್ದಿ ‘ಹುಬ್ಬಳ್ಳಿ’ ಎಂದು ಬರೆಯದೆ ಲೇಬಲ್ಲಿನಲ್ಲಿ ಇದ್ದಂತೆ ಬರೆದದ್ದೂ ಸರಿ. ಒಂದೇ ತಟ್ಟೆಯ ಬೇರೆ ಬೇರೆ ಮುದ್ರಣಗಳನ್ನು ಕೆಲವೊಮ್ಮೆ ಕಾಗುಣಿತದ ವ್ಯತ್ಯಾಸದಿಂದಲೇ ಗುರುತಿಸುತ್ತಾರೆ. ತಪ್ಪು ಕಾಗುಣಿತವೂ ಲೇಬಲ್ಲಿನ ಒಂದು ಅಂಗ.

ಅಜ್ಜ 1940ರ ಸುಮಾರಿಗೆ ಯಂತ್ರ ಕೊಂಡರು ಎಂಬ ಮಾತಿಗೂ ಉಪಯೋಗವಿದೆ, ಆದರೆ ಸೀಮಿತವಾಗಿ. ಯಂತ್ರ ಕೊಂಡ ವರ್ಷ ತಟ್ಟೆ ಒತ್ತಿದ ವರ್ಷವಲ್ಲ, ತಟ್ಟೆ ಒತ್ತಿದ ವರ್ಷ ಹಾಡಿದ ವರ್ಷವಲ್ಲ. ಜನ ಮೆಚ್ಚಿದ ತಟ್ಟೆಯನ್ನು ಕಂಪನಿ ವರ್ಷಗಟ್ಟಲೆ ಒತ್ತುತ್ತಲೇ ಇರುತ್ತಿತ್ತು. ಬೇರೆ ದೇಶಗಳಲ್ಲಿ ಪ್ಲಾಸ್ಟಿಕ್ ತಟ್ಟೆಗಳು ಬಂದು ಎಷ್ಟೋ ಕಾಲವಾದ ಮೇಲೂ, 1960ರ ದಶಕದ ಕೊನೆಯವರೆಗೆ, ಭಾರತದಲ್ಲಿ 78 ಸುತ್ತಿನ ತಟ್ಟೆಗಳು ಬರುತ್ತಲೇ ಇದ್ದವು.

ಪತ್ರ ತಲುಪಿದ ಮೇಲೆ ಸಂಗ್ರಾಹಕರು ಮೊದಲು ನೋಡುವುದು ಕಂಪನಿಯ ಕ್ಯಾಟಲಾಗುಗಳನ್ನೂ, ಹೊಸ ತಟ್ಟೆಗಳ ಹೆಸರಿದ್ದು ಅಂಗಡಿಗಳಲ್ಲಿ ಹಂಚುತ್ತಿದ್ದ ತಿಂಗಳ ಪಟ್ಟಿಗಳನ್ನೂ. ತಿಂಗಳ ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದರೆ ತಟ್ಟೆ ಮಾರಾಟಕ್ಕೆ ಬಂದ ತಿಂಗಳು ಖಚಿತವಾಯಿತು. ಹಾಡಿದ್ದು ಅದಕ್ಕಿಂತ ಕೆಲವು ತಿಂಗಳು ಹಿಂದೆ. ಆರಂಭದ ತಟ್ಟೆಗಳಾದರೆ ಮೈಕೆಲ್ ಕಿನ್ನಿಯರ್ ಸಿದ್ಧಪಡಿಸಿದ, 1899ರಿಂದ 1908ರವರೆಗಿನ ಗ್ರಾಮಫೋನ್ ಕಂಪನಿಯ ಭಾರತೀಯ ಧ್ವನಿಮುದ್ರಣಗಳ ಪಟ್ಟಿಪುಸ್ತಕವಿದೆ. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ತನ್ನ ಪತ್ರಿಕೆಯಲ್ಲಿ ಇಂಥ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿದೆ. ಆದರೆ 1930ರ ದಶಕದ ಎಲ್ಲ ತಿಂಗಳ ಪಟ್ಟಿಗಳೂ ಒಬ್ಬರ ಬಳಿ ಇರುವುದಿಲ್ಲ. ಒಬ್ಬ ಸಂಗ್ರಾಹಕರು ಇನ್ನೊಬ್ಬರನ್ನು ಕೇಳಿ, ಅವರು ಮತ್ತೊಬ್ಬರಿಗೆ ಬರೆದು ಉತ್ತರ ಬರಲು ಎರಡು ವಾರ ಹಿಡಿದರೆ ಅದು ಉದಾಸೀನವಲ್ಲ, ಹುಡುಕಾಟ.

ಹರಿದ ರಾಗದ ಹೆಸರಿಗೆ ಪಟ್ಟಿ ಉತ್ತರ ಕೊಡದಿದ್ದರೆ ಕಿವಿ ಕೊಡಬೇಕು. ಮಿಯಾ ಮಲ್ಹಾರದಲ್ಲಿ ಕೋಮಲ ಗಾಂಧಾರ ತೂಗುತ್ತ ಬರುತ್ತದೆ, ಎರಡು ನಿಷಾದಗಳೂ ಒಂದರ ಪಕ್ಕ ಒಂದು ಕೇಳಿಸುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವ ಗೌಡ ಮಲ್ಹಾರದಲ್ಲಿ ಗಾಂಧಾರ ಶುದ್ಧ. ಮೂರು ನಿಮಿಷದ ಹಾಡಿನ ಮೊದಲ ಅರ್ಧ ನಿಮಿಷ ಕೇಳಿದರೂ ರಾಗ ಬಲ್ಲವರಿಗೆ ಸಾಕು. ಹಾಗೆಂದು ಬಿರುಕು ಬಿಟ್ಟ ತಟ್ಟೆಯನ್ನು ಮನೆಯಲ್ಲೇ ನುಡಿಸಲು ಹೋಗುವುದು ತರವಲ್ಲ. ಹಳೆಯ ಯಂತ್ರದ ಉಕ್ಕಿನ ಮುಳ್ಳಿನ ಭಾರಕ್ಕೆ ಕೂದಲ ಬಿರುಕು ತುಂಡಾಗಿಬಿಡಬಹುದು. ಎಲ್‌ಪಿ ನುಡಿಸುವ ಹೊಸ ಯಂತ್ರದ ಮುಳ್ಳು ಈ ಅಗಲವಾದ ಗೆರೆಗೆ ತೀರ ಸಣ್ಣದು, ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ದೂಳಿನಲ್ಲಿ ಎಳೆದುಕೊಂಡು ಹೋಗುತ್ತದೆ. ಇಂಥ ತಟ್ಟೆಗೆಂದೇ ಇರುವ ಅಗಲ ಮುಳ್ಳು, ಹಗುರ ತೋಳು ಇರುವ ಯಂತ್ರ ಸಂಗ್ರಾಹಕರಲ್ಲಿರುತ್ತದೆ.

ಬಿರುಕಿಲ್ಲದ ತಟ್ಟೆಯಾಗಿದ್ದು, ನುಡಿಸಿ ಫೋನಿನಲ್ಲಿ ಹಿಡಿದು ಇಮೇಲ್‌ನಲ್ಲಿ ಕಳಿಸಿದರೆ, ಯಂತ್ರದ ವೇಗವನ್ನೂ ಬರೆಯಬೇಕು. ಕೀಲಿ ಕೊಟ್ಟು ತಿರುಗಿಸುವ ಯಂತ್ರದಲ್ಲಿ ವೇಗ ಒಂದೇ ಸಮ ಇರುವುದಿಲ್ಲ. 78 ಸುತ್ತಿನ ತಟ್ಟೆ ನಿಮಿಷಕ್ಕೆ 83ರ ಸುಮಾರು ಸುತ್ತು ಹೊಡೆದರೆ ಶ್ರುತಿ ಒಂದು ಮನೆ ಏರುತ್ತದೆ, ಕರಿ ಒಂದರ ಷಡ್ಜ ಬಿಳಿ ಎರಡಕ್ಕೆ ಹೋಗುತ್ತದೆ. ಗಾಂಧಾರಿಯಂಥ ಹೆಸರಿನ ಪ್ರಶ್ನೆಯಲ್ಲಿ ಇದು ಸಣ್ಣ ವಿಷಯವಲ್ಲ. ಕಂಠ ನಿಜವಾಗಿ ಏರಿನದೋ, ಯಂತ್ರ ಓಡಿದ್ದರಿಂದ ಏರಿದ್ದೋ ಎಂದು ಕೇಳುವವರಿಗೆ ತಿಳಿಯಬೇಕಲ್ಲ. ತಟ್ಟೆಯ ಅಂಚಿಗೆ ಒಂದು ಬಿಳಿ ಕಾಗದದ ಚೂರು ಸಿಕ್ಕಿಸಿ, ಗಡಿಯಾರ ನೋಡುತ್ತ ಒಂದು ನಿಮಿಷದಲ್ಲಿ ಅದು ಎಷ್ಟು ಸಲ ಸುತ್ತಿತು ಎಂದು ಎಣಿಸಿದರೆ ಸಾಕು.

ಫೋಟೋಗಳ ವಿಷಯದಲ್ಲಿ ಒಂದೇ ಮಾತು. ಲೇಬಲ್ ಇಡೀ ಚೌಕಟ್ಟಿನಲ್ಲಿ ತುಂಬುವಂತೆ, ಫೋನನ್ನು ನೇರ ಮೇಲಿನಿಂದ ಹಿಡಿದು, ಕಿಟಕಿಯ ಬೆಳಕಿನಲ್ಲಿ ಪ್ರತಿ ಬದಿಗೆ ಒಂದು. ನುಣುಪು ಪಟ್ಟಿಯ ನಂಬರಿಗೆ ಅಡ್ಡ ಬೆಳಕಿನಲ್ಲಿ ಇನ್ನೊಂದು. ಕಡತಗಳಿಗೆ `sideA-label.jpg`, `sideA-matrix.jpg` ಎಂಬಂತೆ ಬದಿಯ ಹೆಸರು ಹಾಕದೆ ಕಳಿಸಿದರೆ ಯಾವ ನಂಬರು ಯಾವ ಹಾಡಿನದೆಂದು ಓದುವವರಿಗೆ ತಿಳಿಯುವುದಿಲ್ಲ. ಎರಡು ಬದಿ ಅದಲುಬದಲಾದರೆ ರಾಗವೂ ಅದಲುಬದಲು.

ಫೋಟೋ ತೆಗೆಯುವ ಮೊದಲು ತಟ್ಟೆ ತೊಳೆಯಬೇಕೆನಿಸುವುದು ಸಹಜ. ತಟ್ಟೆ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಬಡಗಿಗಳು ಮರಕ್ಕೆ ಪಾಲಿಶ್ ಹಾಕಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳುತ್ತಾರೆ. ತಟ್ಟೆಯಲ್ಲಿರುವುದೂ ಅದೇ ಅರಗು. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಿದರೆ ಹಾಡಿನ ಗೆರೆಗಳೇ ಕರಗಿ ಬಟ್ಟೆಗೆ ಬರುತ್ತವೆ. ಲೇಬಲ್ಲಿಗೆ ನೀರು ತಾಗಿದರೆ ಬಣ್ಣ ಬಿಟ್ಟು ಅಕ್ಷರ ಅಳಿಯಬಹುದು. ಮೆತ್ತನೆಯ ಒಣ ಬ್ರಷ್ಷಿನಿಂದ ಗೆರೆಯ ಗುಂಟ ದೂಳು ತೆಗೆದರೆ ಪತ್ರ ಬರೆಯುವ ಕೆಲಸಕ್ಕೆ ಸಾಕಾಗುತ್ತದೆ.

ಉತ್ತರದಲ್ಲಿ ಎಲ್ಲ ಪ್ರಶ್ನೆಗೂ ಪರಿಹಾರ ಇರುವುದಿಲ್ಲ. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರನ್ನು ಆ ಕಾಲದ ಲೇಬಲ್ಲುಗಳು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಕಂಪನಿಯ ಪಟ್ಟಿಯಲ್ಲೂ ಅದು ಅಪರೂಪ. ಗಾಯಕರು ತಾವೇ ಎಲ್ಲಾದರೂ ನೆನಪಿಸಿಕೊಂಡು ಹೇಳಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಹಾಡಿದ ದಿನಾಂಕ ಕೂಡ ಹಲವು ಸಲ “ಇಂಥ ವರ್ಷದ ಮೊದಲ ಅರ್ಧ” ಎಂಬಲ್ಲಿಗೆ ನಿಲ್ಲುತ್ತದೆ. ಗಾಂಧಾರಿಯ ತಟ್ಟೆಯ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ತಡವಿಲ್ಲದೆ ಬರುತ್ತದೆ, ಅದು ಗಂಗೂಬಾಯಿ ಹಾನಗಲ್ಲರದೇ. ವರ್ಷಕ್ಕೆ ಕ್ಯಾಟಲಾಗ್ ನಂಬರು ಮೇಲಿನ ಗಡಿಯನ್ನು, ಅಚ್ಚಿನ ನಂಬರು ಕೆಳಗಿನ ಗಡಿಯನ್ನು ಕೊಡುತ್ತವೆ. ಒಂದು ಬದಿಯ ಕೊನೆಯಲ್ಲಿದ್ದ 2 ಎಂಬ ಅಂಕಿಯಿಂದ ಆ ಹಾಡನ್ನು ಅವರು ಎರಡನೆಯ ಸಲ ಹಾಡಿದ್ದೇ ಅಚ್ಚಾಯಿತು ಎಂಬುದೂ ತಿಳಿಯುತ್ತದೆ.

ಬಂದ ಉತ್ತರವನ್ನು ತಟ್ಟೆಯ ಲೇಬಲ್ಲಿನ ಮೇಲೆ ಪೆನ್ನಿನಿಂದ ಬರೆಯಬಾರದು, ಅಂಟುಚೀಟಿಯನ್ನೂ ಹಚ್ಚಬಾರದು. ಹೊಸ ಕಾಗದದ ಚೀಲ ಮಾಡಿ, ಎರಡೂ ನಂಬರು, ಗಾಯಕರ ಲೇಬಲ್ಲಿನ ಹೆಸರು, ನಿಜದ ಹೆಸರು, ರಾಗ, ಉತ್ತರ ಕೊಟ್ಟವರು, ಉತ್ತರ ಬಂದ ದಿನಾಂಕ ಇಷ್ಟನ್ನು ತಟ್ಟೆ ಒಳಗಿಡುವ ಮೊದಲೇ ಚೀಲದ ಮೇಲೆ ಬರೆದುಕೊಳ್ಳಬೇಕು, ಏಕೆಂದರೆ ತಟ್ಟೆಯಿರುವ ಚೀಲದ ಮೇಲೆ ಪೆನ್ನು ಒತ್ತಿ ಬರೆದರೆ ಅದರ ಗುರುತು ಗೆರೆಗಳ ಮೇಲೆ ಬೀಳುತ್ತದೆ. ಹಳೆಯ ಚೀಲವನ್ನು ಎಸೆಯದೆ, ಅದು ಬೇರೆ ಕಂಪನಿಯದಾದರೂ, ಪ್ರತ್ಯೇಕವಾಗಿ ಇಡುವುದು ಒಳ್ಳೆಯದು. ಅದರ ಮೂಲೆಯಲ್ಲಿ ಮಾರಿದ ಅಂಗಡಿಯ ಮೊಹರು ಇದ್ದರೆ ತಟ್ಟೆಗಳು ಆ ಮನೆಗೆ ಯಾವ ಪೇಟೆಯಿಂದ ಬಂದವೆಂಬುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ ಆಗಿರಬಹುದು. ತಟ್ಟೆಯನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ಬೀಳದ ಕಡೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಇಡಬೇಕು.